ಸುದ್ದಿಯ ಖಾನೆ ಮತ್ತು ಉದ್ಯಮದ ನಿರ್ಧಾರ

ವಾಣಿಜ್ಯ ಓದಿದವರಿಗೆಲ್ಲ ಈ ಅಭ್ಯಾಸ ಪರಿಚಿತ. ಹತ್ತು ಸುದ್ದಿ ತುಣುಕುಗಳನ್ನು ಕೊಟ್ಟು, ವ್ಯವಹಾರ ಪರಿಸರದ ಯಾವ ಅಂಶಕ್ಕೆ ಸೇರಿದ್ದು ಎಂದು ಗುರುತಿಸಲು ಹೇಳುತ್ತಾರೆ. ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಕಾನೂನು, ಪರಿಸರ ಎಂಬ ಆರು ಖಾನೆಗಳಿರುತ್ತವೆ. ವಿದ್ಯಾರ್ಥಿ ಪ್ರತಿ ಸುದ್ದಿಯನ್ನೂ ಒಂದೊಂದು ಖಾನೆಗೆ ಹಾಕಿ ಮುಗಿಸುತ್ತಾನೆ. ಮುಂದೆ ಅದೇ ವಿದ್ಯಾರ್ಥಿ ಕಂಪನಿ ಸೇರಿ, ವಾರ್ಷಿಕ ಯೋಜನೆಯ ಸಭೆಗೆ ಅದೇ ಆರು ಖಾನೆಗಳನ್ನು ತುಂಬಿಸಿ ತರುತ್ತಾನೆ. ಹೀಗೆ ತುಂಬಿದ ಖಾನೆಗಳಿಂದ ಯಾವ ನಿರ್ಧಾರವೂ ಹುಟ್ಟದಿದ್ದರೆ, ದೋಷ ವಿಂಗಡಣೆಯ ಕ್ರಮದಲ್ಲಿದೆ. ನಾವು ಸುದ್ದಿಯ ತಲೆಬರಹ ನೋಡಿ ಖಾನೆ ಆರಿಸುತ್ತಿದ್ದೇವೆ. ಅದು ವ್ಯವಹಾರವನ್ನು ಯಾವ ದಾರಿಯಿಂದ ತಟ್ಟುತ್ತದೆ, ಆ ಒತ್ತಡ ಹೋಗಬೇಕಾದರೆ ಏನು ಬದಲಾಗಬೇಕು ಎಂದು ಕೇಳುತ್ತಿಲ್ಲ.

ಹಾರ್ವರ್ಡ್‌ನ ಫ್ರಾನ್ಸಿಸ್ ಅಗ್ವಿಲಾರ್ 1967ರಲ್ಲಿ ಹೊರಗಿನ ವಿದ್ಯಮಾನಗಳನ್ನು ಉದ್ಯಮಗಳು ಹೇಗೆ ಗಮನಿಸುತ್ತವೆ ಎಂಬ ಬಗ್ಗೆ ಪುಸ್ತಕ ಬರೆದಾಗ ಇದ್ದದ್ದು ನಾಲ್ಕೇ ಖಾನೆ: ಆರ್ಥಿಕ, ತಾಂತ್ರಿಕ, ರಾಜಕೀಯ, ಸಾಮಾಜಿಕ. ಕಾನೂನು ಮತ್ತು ಪರಿಸರ ಆಮೇಲೆ ಸೇರಿಕೊಂಡವು. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ವ್ಯವಹಾರ ಅಧ್ಯಯನ ಪಠ್ಯದಲ್ಲಿ ಇರುವುದು ಐದು ಆಯಾಮ. ಮಳೆ, ಅಂತರ್ಜಲ, ತಾಪಮಾನಗಳಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ಆ ಜಾಗ ಏಕೆ ಬೇಕು, ಅದಕ್ಕೂ ಉಳಿದ ಖಾನೆಗಳಿಗೂ ಗೆರೆ ಎಲ್ಲಿ ಎಂಬುದನ್ನು 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ನೀರಿನ ಬಿಕ್ಕಟ್ಟು ಚೆನ್ನಾಗಿ ತೋರಿಸುತ್ತದೆ.

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮಾರ್ಚ್ ಹೊತ್ತಿಗೆ ರಾಜಧಾನಿಯ ಸುಮಾರು 14 ಸಾವಿರ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಹೇಳಿದರು. ಆ ತಿಂಗಳು ಬಂದ ಸುದ್ದಿಗಳಲ್ಲಿ ಕೆಲವನ್ನು ಒಂದು ದರ್ಶಿನಿ ಹೋಟೆಲ್‌ನ ಮಾಲೀಕರ ಕಣ್ಣಿನಿಂದ ನೋಡೋಣ. ಅವರಿಗೆ ಅಡುಗೆಗೆ, ತಟ್ಟೆ ಲೋಟ ತೊಳೆಯಲು, ಗಿರಾಕಿಗಳ ಕೈತೊಳೆಯುವ ನಲ್ಲಿಗೆ, ನೆಲ ಒರೆಸಲು ನೀರು ಬೇಕು. ಅರ್ಧ ಕೊಳವೆಬಾವಿಯದ್ದು, ಉಳಿದದ್ದು ಟ್ಯಾಂಕರ್‌ನದ್ದು ಎಂದಿಟ್ಟುಕೊಳ್ಳಿ.

ಮೊದಲನೆಯದು, ಕೊಳವೆಬಾವಿಗಳು ಬತ್ತಿದ ಸುದ್ದಿ. ಇದು ಪರಿಸರದ ಖಾನೆಗೆ ಸೇರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ, ಏಕೆಂದರೆ ಯಾರ ಸಹಿಯಿಂದಲೂ ಈ ಒತ್ತಡ ಹೋಗುವುದಿಲ್ಲ. ಮಳೆಯಾಗಬೇಕು, ಅಂತರ್ಜಲ ಮರುಪೂರಣವಾಗಬೇಕು. ಹೋಟೆಲ್ ಮಾಲೀಕರ ಕೈಯಲ್ಲಿರುವುದು ಮೂಲದ ಕೆಲಸ ಮಾತ್ರ: ಇಂಗುಗುಂಡಿ, ಮಳೆನೀರು ಸಂಗ್ರಹ, ನೆಲಕ್ಕೆ ಸಂಸ್ಕರಿಸಿದ ನೀರು.

ಎರಡನೆಯದು, ಟ್ಯಾಂಕರ್ ದರ ಏರಿದ ಸುದ್ದಿ. ಕಾರಣ ಬರವೇ ಆದರೂ ಮಾಲೀಕರನ್ನು ತಟ್ಟುವುದು ಬೆಲೆಯ ಮೂಲಕ. ಹಾಗಾಗಿ ಇದು ಆರ್ಥಿಕ. ಕಾರಣದ ಬೆನ್ನು ಹತ್ತಿ ಎಲ್ಲವನ್ನೂ ಪರಿಸರದ ಖಾನೆಗೆ ಹಾಕುತ್ತ ಹೋದರೆ ಆ ಬೇಸಿಗೆಯ ಪ್ರತಿಯೊಂದು ಸುದ್ದಿಯೂ ಅಲ್ಲೇ ಬಂದು ಬೀಳುತ್ತದೆ, ವಿಂಗಡಣೆಗೆ ಅರ್ಥವೇ ಉಳಿಯುವುದಿಲ್ಲ. ಬೆಲೆಯ ಸುದ್ದಿಗೆ ಉತ್ತರವೂ ಬೆಲೆಯಲ್ಲೇ ಇದೆ: ತಿಂಡಿಯ ದರ ಏರಿಸಬೇಕೇ, ಟ್ಯಾಂಕರ್‌ನವರ ಜತೆ ತಿಂಗಳ ಒಪ್ಪಂದ ಮಾಡಿಕೊಳ್ಳಬೇಕೇ, ಲಾಭ ಬಿಟ್ಟುಕೊಡಬೇಕೇ?

ಮೂರನೆಯದು ಸ್ವಲ್ಪ ತೊಡಕಿನದು. ಟ್ಯಾಂಕರ್‌ಗಳು ನೋಂದಣಿಯಾಗದಿದ್ದರೆ ವಶಪಡಿಸಿಕೊಳ್ಳುತ್ತೇವೆ ಎಂದು ಉಪಮುಖ್ಯಮಂತ್ರಿ ಎಚ್ಚರಿಸಿದರು. ಬಳಿಕ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6 ಸಾವಿರ ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, 12 ಸಾವಿರ ಲೀಟರ್‌ಗೆ 1,000 ರೂಪಾಯಿ. ಎರಡೂ ಸರ್ಕಾರದ ಕಡೆಯಿಂದ ಬಂದದ್ದು, ಹಾಗಾಗಿ ಎರಡೂ ರಾಜಕೀಯ ಎಂದು ಬರೆಯುವ ವಿದ್ಯಾರ್ಥಿಗಳೇ ಹೆಚ್ಚು. ಆದರೆ ಎಚ್ಚರಿಕೆ ಎಂಬುದು ಇಂಗಿತ. ನಾಳೆ ಮೆತ್ತಗಾಗಬಹುದು, ಗಟ್ಟಿಯಾಗಬಹುದು, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದ ತಿಂಗಳಲ್ಲಂತೂ ಅದನ್ನು ಹಾಗೆಯೇ ಓದಬೇಕು. ದರ ನಿಗದಿಯದ್ದು ಆದೇಶ. ಅದಕ್ಕೆ ಹೊರಡಿಸಿದ ಅಧಿಕಾರಿ ಇದ್ದಾರೆ, ಮೊತ್ತವಿದೆ, ಅವಧಿಯಿದೆ. ಎಚ್ಚರಿಕೆ ರಾಜಕೀಯ, ಆದೇಶ ಕಾನೂನು. ಆದೇಶವಾಯಿತೆಂದು ಮಾಲೀಕರು ಆರ್ಥಿಕ ಖಾನೆಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ನಿಗದಿಯಾದ ದರಕ್ಕೆ ಟ್ಯಾಂಕರ್ ನಿಜವಾಗಿ ಬಾಗಿಲಿಗೆ ಬರುವವರೆಗೂ ಅವರ ಲೆಕ್ಕದ ಪುಸ್ತಕದಲ್ಲಿ ಇರುವುದು ಮಾರುಕಟ್ಟೆಯ ದರವೇ.

ನಾಲ್ಕನೆಯದು, ಜಲಮಂಡಳಿಯ ನಿರ್ಬಂಧ. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5 ಸಾವಿರ ರೂಪಾಯಿ ದಂಡ, ಮತ್ತೆ ತಪ್ಪಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ಆ ತಿಂಗಳೊಳಗೆ 22 ಕುಟುಂಬಗಳಿಂದ 1.1 ಲಕ್ಷ ರೂಪಾಯಿ ವಸೂಲಾಯಿತು. ಕಾನೂನಿನ ಖಾನೆಗೆ ಸೇರುವ ಸುದ್ದಿಯ ಗುರುತು ಇದು: ಯಾವ ಕಾಯ್ದೆಯ ಬಲದಿಂದ, ಯಾರ ಮೇಲೆ, ಎಂದಿನಿಂದ, ತಪ್ಪಿದರೆ ಏನು ಎಂಬ ನಾಲ್ಕಕ್ಕೂ ಅದರಲ್ಲಿ ಉತ್ತರವಿರುತ್ತದೆ. ನಾಲ್ಕರಲ್ಲಿ ಒಂದಕ್ಕಾದರೂ ಉತ್ತರವಿಲ್ಲದ ಹೇಳಿಕೆ ಇನ್ನೂ ರಾಜಕೀಯದ ಅಂಗಳದಲ್ಲೇ ಇದೆ.

ಐದನೆಯದು, ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಎಂಬ ಸುದ್ದಿ. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಈ ಪುಟ್ಟ ಜಾಲರಿ ನೀರಿನ ಧಾರೆಗೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುತ್ತದೆ. ಧಾರೆ ತುಂಬಿಕೊಂಡಂತೆಯೇ ಕಾಣುತ್ತದೆ, ಆದರೆ ಕೈತೊಳೆಯಲು ಬೇಕಾಗುವ ನೀರು ಕಡಿಮೆ. ಇದು ಸಾಧನದ ಸುದ್ದಿ, ಆದ್ದರಿಂದ ತಾಂತ್ರಿಕ ಎನಿಸುವುದು ಸಹಜ. ಆದರೆ ಮಾಲೀಕರನ್ನು ನಡೆಸಿದ್ದು ಸಾಧನದ ಹೊಸತನವಲ್ಲ, ಮಾರ್ಚ್ 31ರ ಗಡುವು. ಏರಿಯೇಟರ್ ಮುಂಚೆಯೂ ಅಂಗಡಿಯಲ್ಲಿ ಸಿಗುತ್ತಿತ್ತು, ಕೊಳ್ಳುವವರು ವಿರಳ. ಅವರ ಮಟ್ಟಿಗೆ ಇದು ಕಾನೂನು. ಏರಿಯೇಟರ್ ತಯಾರಿಸುವವರಿಗೆ ಇದು ಗಡುವಲ್ಲ, ಒಮ್ಮೆಲೇ ಬಂದ ಬೇಡಿಕೆ, ಅಂದರೆ ಆರ್ಥಿಕ. ಒಂದೇ ಸುದ್ದಿ ಇಬ್ಬರು ಓದುಗರಿಗೆ ಎರಡು ಖಾನೆಗೆ ಹೋಗುತ್ತದೆ. ಆದ್ದರಿಂದ ಯಾರ ವ್ಯವಹಾರ ಎಂದು ಹೇಳದೆ ಸುದ್ದಿಯನ್ನು ವಿಂಗಡಿಸಲು ಕೇಳುವ ಪ್ರಶ್ನೆಯೇ ಅಪೂರ್ಣ.

ಸಾಮಾಜಿಕ ಖಾನೆಗೆ ಬಂದದ್ದು, ಮನೆಯಿಂದಲೇ ಕೆಲಸ ಮಾಡಲು ಬಿಡಿ, ಊರಿಗೆ ಹೋಗಿ ಬರುತ್ತೇವೆ ಎಂದು ಐಟಿ ನೌಕರರು ಜಾಲತಾಣಗಳಲ್ಲಿ ಎತ್ತಿದ ಬೇಡಿಕೆ. ವೈಟ್‌ಫೀಲ್ಡ್ ಕಡೆಯ ದರ್ಶಿನಿಗೆ ಇದು ನೀರಿನ ಸುದ್ದಿಗಿಂತ ದೊಡ್ಡದಾಗಬಹುದು, ಏಕೆಂದರೆ ಬೆಳಗಿನ ಗಿರಾಕಿಗಳೇ ಕಡಿಮೆಯಾಗುತ್ತಾರೆ. ಅದೇ ತಿಂಗಳು ಕೇರಳದ ಕೈಗಾರಿಕಾ ಸಚಿವರು ನಮ್ಮಲ್ಲಿ ನೀರಿಗೆ ಕೊರತೆಯಿಲ್ಲ ಎಂದು ಐಟಿ ಕಂಪನಿಗಳನ್ನು ಕರೆದರು. ಕೇಳಲು ಅದೂ ನೀರಿನ ಸುದ್ದಿಯೇ, ಆದರೆ ಬಂಡವಾಳಕ್ಕಾಗಿ ರಾಜ್ಯಗಳ ನಡುವಿನ ಪೈಪೋಟಿಯದ್ದು, ಶುದ್ಧ ರಾಜಕೀಯ.

ಈ ವಿಂಗಡಣೆ ಸರಿಯೇ ಎಂದು ಕಾಲವೇ ಪರೀಕ್ಷಿಸಿತು. 2024ರ ಮುಂಗಾರು ಬಂದ ಮೇಲೆ ಪರಿಸರದ ಒತ್ತಡ ಇಳಿಯಿತು. ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಬರವೇ ಎಲ್ಲದರ ಮೂಲ ಎಂದುಕೊಂಡಿದ್ದವರು ಇಲ್ಲಿಗೆ ಕಡತ ಮುಚ್ಚಿರುತ್ತಾರೆ. ಆದರೆ 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ನೀರಿನ ದರ ಏರಿಸಿತು, 2014ರ ನಂತರ ಮೊದಲ ಬಾರಿಗೆ. ಮಳೆ ಬಂದರೂ ಈ ಹೊರೆ ಇಳಿಯುವುದಿಲ್ಲ. ಆರ್ಥಿಕ ಖಾನೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡವರಿಗಷ್ಟೇ ಇದಕ್ಕೆ ತಯಾರಿ ಇದ್ದಿರಲು ಸಾಧ್ಯ.

ರಾಜಕೀಯ ಮತ್ತು ಕಾನೂನಿನ ನಡುವಿನ ಗೆರೆಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈ ಸಾಕ್ಷಿ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮ ವಲಯ ವಿರೋಧಿಸಿದ ಮೇಲೆ ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಸಂಪುಟದ ಒಪ್ಪಿಗೆಯನ್ನೇ ಕಾನೂನು ಎಂದು ಬರೆದುಕೊಂಡ ಕಂಪನಿ ನೇಮಕಾತಿ ನಿಲ್ಲಿಸಿ ನಷ್ಟ ಮಾಡಿಕೊಳ್ಳುತ್ತಿತ್ತು. ರಾಜಕೀಯ ಎಂದು ಬರೆದುಕೊಂಡ ಕಂಪನಿಗೆ ಮಾಡಬೇಕಾದ್ದು ಸ್ಪಷ್ಟವಿತ್ತು, ಉದ್ಯಮ ಸಂಘದ ಮೂಲಕ ಸರ್ಕಾರದ ಜತೆ ಮಾತನಾಡುವುದು. ಹರಿಯಾಣದ ಕಥೆ ಇದಕ್ಕಿಂತ ಮುಂದೆ ಹೋಗಿತ್ತು. ಅಲ್ಲಿ ಶೇ 75ರ ಮೀಸಲಾತಿ ಕಾಯ್ದೆಯಾಗಿ ಜಾರಿಗೂ ಬಂದಿತ್ತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮೊದಲು ಭರವಸೆ, ಆಮೇಲೆ ಮಸೂದೆ, ಕಾಯ್ದೆ, ಕೊನೆಗೆ ತೀರ್ಪು. ವಿಷಯ ಒಂದೇ ಆದರೂ ಅದು ಯಾವ ಹಂತದಲ್ಲಿದೆ ಎಂಬುದರ ಮೇಲೆ ಖಾನೆ ಬದಲಾಗುತ್ತದೆ. ಸುದ್ದಿಯ ಪಕ್ಕ ದಿನಾಂಕ ಬರೆಯದ ಪಟ್ಟಿ ಕೆಲವೇ ವಾರಗಳಲ್ಲಿ ದಾರಿ ತಪ್ಪಿಸುತ್ತದೆ.

ಈ ಕ್ರಮಕ್ಕೂ ಮಿತಿಯಿದೆ. ಯಾವ ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಖಾನೆಗಳು ಹೇಳುತ್ತವೆ, ಯಾವುದು ಹೆಚ್ಚು ಭಾರ ಎಂದು ಹೇಳುವುದಿಲ್ಲ. ಅದನ್ನು ಲೆಕ್ಕದ ಪುಸ್ತಕವೇ ಹೇಳಬೇಕು. ತೆರಿಗೆಯಂಥ ವಿಷಯದಲ್ಲಿ ಗೆರೆ ಮಸುಕಾಗುತ್ತದೆ. ದರ ಬದಲಾದರೆ ಆರ್ಥಿಕ, ಲೆಕ್ಕಪತ್ರ ಸಲ್ಲಿಸುವ ನಿಯಮ ಬದಲಾದರೆ ಕಾನೂನು ಎಂದು ಒಂದೇ ಅಧಿಸೂಚನೆಯನ್ನು ಎರಡು ಭಾಗ ಮಾಡಿಕೊಳ್ಳಬೇಕಾಗುತ್ತದೆ. ವಿಂಗಡಣೆ ಹದ ತಪ್ಪಿದೆ ಎಂದು ತಿಳಿಯುವುದೂ ಕಷ್ಟವಲ್ಲ. ರಾಜಕೀಯ ಖಾನೆ ತುಂಬಿ ತುಳುಕುತ್ತಿದ್ದು ಕಾನೂನಿನ ಖಾನೆ ಬರಿದಾಗಿದ್ದರೆ, ಆದೇಶಗಳನ್ನು ಯಾರೂ ಓದಿಲ್ಲ ಎಂದರ್ಥ. ಪರಿಸರದ ಖಾನೆಯಲ್ಲಿ ಬರ ಮತ್ತು ನೆರೆಯ ತಿಂಗಳುಗಳ ಸುದ್ದಿ ಮಾತ್ರವಿದ್ದರೆ, ಉಳಿದ ತಿಂಗಳು ಕೊಳವೆಬಾವಿಯ ಮಟ್ಟವನ್ನು ಯಾರೂ ಅಳೆದಿಲ್ಲ ಎಂದರ್ಥ.

ತರಗತಿಯಲ್ಲಿ ಬದಲಾವಣೆ ತರುವುದು ಸುಲಭ. ಹತ್ತು ಸುದ್ದಿಯ ಬದಲು ಮೂರು ಕೊಡಿ, ಯಾವ ವ್ಯವಹಾರದ ದೃಷ್ಟಿಯಿಂದ ಎಂದು ಹೇಳಿ, ಖಾನೆಯ ಹೆಸರಿಗೆ ಒಂದು ಅಂಕವಿಟ್ಟು ಕಾರಣಕ್ಕೆ ಎರಡು ಅಂಕ ಇಡಿ. ಸಣ್ಣ ಉದ್ಯಮಿಗಳ ಸಂಘಗಳು ತಮ್ಮ ಸದಸ್ಯರಿಗೆ ತಿಂಗಳಿಗೊಮ್ಮೆ ಒಂದು ಪುಟದ ಪಟ್ಟಿ ಕಳಿಸಬಹುದು: ಸುದ್ದಿ, ಖಾನೆ, ದಿನಾಂಕ, ಏನಾದರೆ ಈ ಒತ್ತಡ ಹೋಗುತ್ತದೆ, ಅಲ್ಲಿಯವರೆಗೆ ಯಾರು ಏನು ಮಾಡಬೇಕು. ಕೊನೆಯ ಎರಡು ಅಂಕಣಗಳನ್ನು ತುಂಬಲಾಗದ ಸುದ್ದಿಯನ್ನು ಪಟ್ಟಿಯಿಂದ ತೆಗೆದುಹಾಕಿದರೂ ಯಾರಿಗೂ ನಷ್ಟವಿಲ್ಲ.