ಅಂಕಿತ ನೋಡದೆ ಪರದೆಗೆ ಹಾಕಬೇಡಿ

ಬಸವ ಜಯಂತಿ ಬಂತೆಂದರೆ ಯಾಪಲದಿನ್ನಿಯ ಮೊಬೈಲುಗಳಿಗೂ ವಿಡಿಯೊಗಳು ಬರುತ್ತವೆ. ಪರದೆಯ ಮೇಲೆ ನಾಲ್ಕು ಸಾಲು, ಕೆಳಗೆ ಬಸವಣ್ಣನವರ ಹೆಸರು. ಅವು ಅವರ ಸಾಲುಗಳೇ ಎಂದು ಪರೀಕ್ಷಿಸಿದವರು ಯಾರು?

ವಚನಕಾರನ ಗುರುತು ಅಂಕಿತ. ಬಸವಣ್ಣನವರದು ಕೂಡಲಸಂಗಮದೇವ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಅದನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಮಾತು. ಅಲ್ಲಿಂದ ಎತ್ತಿದ ಸಾಲು ಆಕರದ ಹೆಸರಿಲ್ಲದೆ ಪರದೆಗೆ ಬಂದರೆ, ಅಂಕಿತ ಬದಲಾದದ್ದು ನೋಡುಗನಿಗೆ ತಿಳಿಯುವುದಾದರೂ ಹೇಗೆ?

ದಾರಿ ಸುಲಭವಿದೆ. ಸರ್ಕಾರವೇ ಪ್ರಕಟಿಸಿದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಮೊದಲನೆಯದು ಬಸವಣ್ಣನವರದು. ಮೊದಲ ಸಾಲನ್ನು ಅದರಲ್ಲಿ ಹುಡುಕಿ, ಅಂಕಿತದವರೆಗೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ನಡುವೆ ಒಂದು ಸಾಲು ಬಿಟ್ಟುಹೋದರೂ ಅರ್ಥ ತಿರುಗೀತು. ಅಂಕಿತವೊಂದೇ ಸಾಕ್ಷಿಯಲ್ಲ, ಹೊಸದಾಗಿ ಕಟ್ಟಿದ ಸಾಲಿಗೂ ಅದನ್ನು ಅಂಟಿಸಬಹುದು. ಸಂಪುಟದಲ್ಲಿ ಸಿಗದಿದ್ದರೆ ಬಸವಣ್ಣನವರ ಹೆಸರು ಹಾಕಬಾರದು. ಸಿಕ್ಕರೆ ಸಂಪುಟದ ಹೆಸರನ್ನೂ ವಚನದ ಸಂಖ್ಯೆಯನ್ನೂ ಪರದೆಯಲ್ಲೇ ಕಾಣಿಸಬೇಕು.

ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಇದೆಯೇ ಎಂದು ಕೇಳುವ ನಾವು, ಶರಣರ ಮಾತಿಗೂ ಅಷ್ಟೇ ಕೇಳುತ್ತೇವೆ.