ಹಸು ಬತ್ತುತ್ತೆ, ಇಎಂಐ ಬತ್ತಲ್ಲ

‘ಎರಡು ಹಸುಗೆ ಲೋನ್ ತಗೋತಿದ್ದೀನಿ, ಮೂರು ವರ್ಷಕ್ಕೆ ತಿಂಗಳಿಗೆ ನಾಲ್ಕೂವರೆ ಸಾವಿರ ಕಂತು. ಆಗುತ್ತಾ ನೋಡಪ್ಪ’ ಅಂತ ಚನ್ನರಾಯಪಟ್ಟಣದ ಕಡೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಇಂಥ ಕರೆ ನಿಮಗೂ ಬಂದಿರಬಹುದು. ನಮ್ಮ ಸಂಬಳ ಪ್ರತಿ ತಿಂಗಳೂ ಒಂದೇ, ಹಾಗಾಗಿ ಇಎಂಐ ಸಲೀಸು. ಹಸುವಿನ ಸಂಬಳ ಹಾಗಲ್ಲ.

ಕರು ಹಾಕಿದ ಮೊದಲ ಎರಡು-ಮೂರು ತಿಂಗಳು ಹಾಲು ಜೋರು, ಆಮೇಲೆ ಇಳಿಯುತ್ತಾ ಹೋಗುತ್ತೆ. ಸುಮಾರು ಹತ್ತು ತಿಂಗಳಾದ ಮೇಲೆ, ಮುಂದಿನ ಕರುವಿಗೆ ಎರಡು ತಿಂಗಳಿರುವಾಗ ಕರೆಯೋದನ್ನೇ ನಿಲ್ಲಿಸಬೇಕು. ಆಗಲೂ ಮೇವು ಹಾಕಲೇಬೇಕು.

ಚಿಕ್ಕಪ್ಪನ ಲೆಕ್ಕ ನೋಡಿ. ಸಾಲ 1,40,000 ರೂಪಾಯಿ, ಬಡ್ಡಿ ಶೇ. 10. ಎರಡೂ ಹಸು ಹೊಸದಾಗಿ ಕರು ಹಾಕಿದಾಗ ದಿನಕ್ಕೆ 20 ಲೀಟರ್, ಲೀಟರ್‌ಗೆ 35 ರೂಪಾಯಿ ಹಿಡಿದರೆ ಡೇರಿ ಬಟವಾಡೆ ತಿಂಗಳಿಗೆ 21,000. ಹಿಂಡಿ, ಬೂಸಾ, ಮೇವಿಗೆ 12,000 ಕಳೆದರೆ 9,000 ಉಳಿಯುತ್ತೆ. ಕಂತು ಹಗುರ ಅನ್ನಿಸೋದು ಇಲ್ಲೇ. ಆದರೆ ಒಟ್ಟಿಗೆ ತಂದ ಹಸುಗಳು ಒಟ್ಟಿಗೇ ಬತ್ತುತ್ತವೆ. ಆ ಎರಡು ತಿಂಗಳು ಬಟವಾಡೆ ಸೊನ್ನೆ. ಕಂತು ಕಟ್ಟೋಕೆ ಕೈಸಾಲ, ಅದಕ್ಕೂ ಆಗದಿದ್ದರೆ ಹಸುವನ್ನೇ ಮಾರೋದು.

ಅದಕ್ಕೆ ನಾನು ಹೇಳಿದ್ದು: ಎರಡನೇ ಹಸು ಐದಾರು ತಿಂಗಳು ಬಿಟ್ಟು ತನ್ನಿ, ಸಾಲದ ಹಣವನ್ನೂ ಎರಡು ಸಲ ಕೊಡೋಕೆ ಬ್ಯಾಂಕಿಗೆ ಕೇಳಿ. ಹೈನುಗಾರಿಕೆ ಸಾಲದಲ್ಲಿ ಇದು ಹೊಸ ಬೇಡಿಕೆಯೇನಲ್ಲ. ಹೀಗಾದರೆ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತೆ. ವರ್ಷದ ಎಂಟು ತಿಂಗಳು ಸುಮಾರು 5,000, ಒಂದೊಂದು ಬತ್ತಿರುವ ನಾಲ್ಕು ತಿಂಗಳು 1,400 ಉಳಿಯುತ್ತೆ. ವರ್ಷಕ್ಕೆ 45,600. ಮೂರು ವರ್ಷದ ಸಾಲಕ್ಕೆ ವರ್ಷಕ್ಕೆ 54,000 ಕಟ್ಟಬೇಕು, ಆಗಲ್ಲ. ಐದು ವರ್ಷವಾದರೆ ಕಂತು ಸುಮಾರು 3,000, ವರ್ಷಕ್ಕೆ 36,000. ಒಟ್ಟು ಬಡ್ಡಿ 16,000 ಹೆಚ್ಚಾಗುತ್ತೆ ನಿಜ, ಆದರೆ ಹಸು ಕೊಟ್ಟಿಗೆಯಲ್ಲೇ ಉಳಿಯುತ್ತೆ. ಒಳ್ಳೆ ತಿಂಗಳುಗಳಲ್ಲಿ ಒಂದು ಸಾವಿರ ಎತ್ತಿಟ್ಟರೆ ಬತ್ತಿದ ತಿಂಗಳ ಕೊರತೆ ತುಂಬುತ್ತೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವನ್ನು ಕಂತಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಟವಾಡೆ ಜೊತೆ ಬರಲ್ಲ, ತಡವಾಗಿಯೂ ಬರಬಹುದು.

ಈ ಲೆಕ್ಕ ತಪ್ಪುತ್ತಿರೋದು ಬ್ಯಾಂಕಿನ ನೋಟಿಸಿಗಿಂತ ಮೊದಲೇ ಕೊಟ್ಟಿಗೆಯಲ್ಲಿ ಗೊತ್ತಾಗುತ್ತೆ. ಕರು ಹಾಕಿ ಎರಡು-ಮೂರು ತಿಂಗಳಿಗೆ ಹಸು ಮತ್ತೆ ಗಬ್ಬ ಕಟ್ಟಬೇಕು. ಒಂದು ಬೆದೆ ತಪ್ಪಿದರೆ 21 ದಿನ ಹೋಯ್ತು. ನಾಲ್ಕು ತಿಂಗಳಾದರೂ ಗಬ್ಬ ಕಟ್ಟದಿದ್ದರೆ ಮುಂದಿನ ಬರಗಾಲದ ತಿಂಗಳುಗಳು ಹೆಚ್ಚುತ್ತವೆ. ಪಶುವೈದ್ಯರಿಗೆ ತೋರಿಸಿ, ಕಂತು ತಪ್ಪೋ ಮೊದಲೇ ಬ್ಯಾಂಕಿಗೂ ಹೋಗಿ.

ಮನೆಯವರು ಇಎಂಐ ಎಷ್ಟು ಅಂತ ಕೇಳಿದಾಗ, ನೀವು ತಿರುಗಿ ಒಂದು ಪ್ರಶ್ನೆ ಕೇಳಿ: ಎರಡೂ ಹಸು ಕರು ಹಾಕೋದು ಯಾವ್ಯಾವ ತಿಂಗಳು?