ಸಬ್ಜೆಕ್ಟ್ ಲೈನಿನಾಗ 'ಅರ್ಜೆಂಟ್' ಸಾಕಾಗಲ್ಲ

ಮಿರಜ ಸ್ಟೇಷನ್ ಹತ್ರ ಎಟಿಎಂನಾಗ ಖಾತೆಯಿಂದ 5,000 ರೂಪಾಯಿ ಕಟ್ ಆತು, ನೋಟು ಬರಲಿಲ್ಲ ಅಂತ ಇಟ್ಕೊಳ್ರಿ. ನಮ್ಮ ಹುಡುಗರು ಬ್ಯಾಂಕಿಗೆ ಮೇಲ್ ಹಾಕೋದು ಹೆಂಗ? ಸಬ್ಜೆಕ್ಟ್ "ಅರ್ಜೆಂಟ್, ಸಹಾಯ ಮಾಡಿ". ಒಳಗ ಮೊದಲ ಪ್ಯಾರಾ ಪೂರ್ತಿ ಪರಿಚಯ, ಕಷ್ಟದ ಕಥೆ. ಇದು ಎಟಿಎಂ ದೂರೋ, ಸಾಲದ ದೂರೋ ಅಂತ ಗೊತ್ತಾಗದಿದ್ರ ಓದುವವರು ಯಾವ ವಿಭಾಗಕ್ಕೆ ಕಳಿಸಬೇಕು?

ಹಿಂಗ ಬರೀರಿ: "ಎಟಿಎಂ ಹಣ ಬಂದಿಲ್ಲ, ₹5,000 ಕಡಿತ, ಜೂನ್ 3, ಮಿರಜ". ಮೊಬೈಲಿನಾಗ ಉದ್ದ ಸಾಲು ಅರ್ಧಕ್ಕೇ ನಿಲ್ತದ, ಅದಕ್ಕ ಏನಾತು ಅನ್ನೋದೇ ಮೊದಲು ಬರಲಿ.

ಒಳಗಿನ ಮೊದಲ ವಾಕ್ಯದಾಗ ಸಮಯ, ಎಟಿಎಂ ಇರುವ ಜಾಗ, ವ್ಯವಹಾರದ ನಂಬರು, ಖಾತೆಯ ಕೊನೆಯ ನಾಲ್ಕು ಅಂಕಿ. ಪಿನ್, ಒಟಿಪಿ ಎಂದೂ ಬ್ಯಾಡ. ಎರಡನೇ ವಾಕ್ಯದಾಗ ಬೇಡಿಕೆ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಇಂಥ ಹಣ ಐದು ದಿನದೊಳಗ ತಾನಾಗೇ ವಾಪಸ್ ಬರಬೇಕು, ತಪ್ಪಿದ್ರ ದಿನಕ್ಕ 100 ರೂಪಾಯಿ ಪರಿಹಾರ. ಮೇಲ್ ಹಾಕೋದು ಜೂನ್ 11ಕ್ಕ ಆದ್ರ ಗಡುವು ಮುಗಿದು ಮೂರು ದಿನ. ಆಗ "5,000 ಮತ್ತು ಪರಿಹಾರ 300 ಜಮಾ ಮಾಡಿ" ಅಂತ ನೇರವಾಗಿ ಕೇಳ್ರಿ. ಕಥೆ ಅದರ ಕೆಳಗ ಇರಲಿ.

ಉತ್ತರ ಬರದಿದ್ರ ಹೊಸ ಮೇಲ್ ಬ್ಯಾಡ, ಅದಕ್ಕೇ ರಿಪ್ಲೈ ಮಾಡ್ರಿ, ದೂರಿನ ನಂಬರು ಸೇರಿಸ್ರಿ. 30 ದಿನ ಕಳೆದ್ರ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅಲ್ಲಿ ಇದೇ ಮೇಲ್ ಸಾಕ್ಷಿ.

ಇಂಗ್ಲಿಷ್ ಚೆಂದ ಇಲ್ಲ ಅಂತ ಹಿಂಜರೀಬ್ಯಾಡ್ರಿ. ಯಾವ ಭಾಷೆಯಾಗ ಬರೆದ್ರೂ ತಾರೀಖು, ಮೊತ್ತ ಎಲ್ಲರಿಗೂ ಅರ್ಥ ಆಗ್ತಾವ.